11 ಯೂನಿಟ್ ಜಾಸ್ತಿ, 1152 ರೂಪಾಯಿ ಜಾಸ್ತಿ: ಬಳ್ಳಾರಿ ಮನೆಯ ಕರೆಂಟ್ ಬಿಲ್ ಲೆಕ್ಕ

ಕೋಟೆ ಕೆಳಗಿನ ಮನೆ (ಬಳ್ಳಾರಿ)

ಎರಡು ಬಿಲ್ ಮುಂದಿಟ್ಟುಕೊಂಡು ಕೂತಿದ್ದೇನೆ, ಲೆಕ್ಕ ತಾಳೆ ಆಗ್ತಾ ಇಲ್ಲ. ಗೊತ್ತಿರುವವರು ಬಿಡಿಸಿ ಹೇಳಿ. ಎರಡೂ 2025-26ರ ದರದ ಬಿಲ್ಲುಗಳು. ಮಂಜೂರಾದ ಲೋಡ್ 2 ಕಿಲೋವ್ಯಾಟ್, ಗೃಹಜ್ಯೋತಿ ಇದೆ, ಅರ್ಹ ಯೂನಿಟ್ 118.

ಮೊದಲನೆಯದು ಏಪ್ರಿಲ್ 3ರಿಂದ ಮೇ 3ರವರೆಗೆ. ಹಿಂದಿನ ರೀಡಿಂಗ್ 14212, ಈಗಿನದು 14408, ಬಳಕೆ 196. ನಿಗದಿತ ಶುಲ್ಕ 290.00, ವಿದ್ಯುತ್ ಶುಲ್ಕ 1136.80, ಪಿಂಚಣಿ ಸರ್‌ಚಾರ್ಜ್ 70.56, ತೆರಿಗೆ 102.31. ಒಟ್ಟು 1599.67. ಅದರಲ್ಲಿ ಗೃಹಜ್ಯೋತಿ ಕಡಿತ 1078.48. ಕಟ್ಟಬೇಕಾದದ್ದು 521.

ಎರಡನೆಯದು ಮೇ 3ರಿಂದ ಜೂನ್ 5ರವರೆಗೆ. ರೀಡಿಂಗ್ 14615, ಬಳಕೆ 207. ಒಟ್ಟು 1673.17. ಕಡಿತ ಸೊನ್ನೆ. ಕಟ್ಟಬೇಕಾದದ್ದು 1673.

ಹೊಂದಾಣಿಕೆ ಶುಲ್ಕ ಅಂತ ಬರುವ ಸಾಲು ತಿಂಗಳಿಂದ ತಿಂಗಳಿಗೆ ಬದಲಾಗುತ್ತೆ. ಎರಡನ್ನೂ ಹೋಲಿಸಲು ಸುಲಭವಾಗಲಿ ಅಂತ ಅದನ್ನು ಎರಡರಿಂದಲೂ ತೆಗೆದು ಬರೆದಿದ್ದೇನೆ.

11 ಯೂನಿಟ್‌ಗೆ 1152 ರೂಪಾಯಿ ಅಂದರೆ ಯೂನಿಟ್‌ಗೆ ನೂರು ರೂಪಾಯಿ ಮೇಲೆ ಬಿತ್ತು. ಇದು ಯಾವ ಸ್ಲ್ಯಾಬ್? ರಾತ್ರಿ ಕೂಲರ್ ಇನ್ನೊಂದು ಗಂಟೆ ಓಡಿಸಿದರೆ ನನಗೆ ನಿಜವಾಗಿ ಎಷ್ಟು ಬೀಳುತ್ತೆ?

ರಾಯಚೂರು ಶೆಕೆ

ಇದು ಸ್ಲ್ಯಾಬ್ ವಿಷಯ ಸರ್. ಮಿತಿ ದಾಟಿದ ಕೂಡಲೇ ದಾಟಿದ ಯೂನಿಟ್‌ಗೆ ಮಾತ್ರ ಅಲ್ಲ, ಮೊದಲನೇ ಯೂನಿಟ್‌ನಿಂದ ಹಿಡಿದು ಎಲ್ಲದಕ್ಕೂ 7 ರೂಪಾಯಿ ಹಾಕುತ್ತಾರೆ. 200 ದಾಟಿದ್ದೀರಿ, ಎಲ್ಲಾ ಯೂನಿಟ್ 7ರ ದರಕ್ಕೆ ಹೋಗಿದೆ, ಅಷ್ಟೇ.

ಮೀಟರ್ ಮಿನುಗು (ಹೊಸಪೇಟೆ ರಸ್ತೆ, ಬಳ್ಳಾರಿ)

ಶೆಕೆ ಅವರೇ, ನೀವು ಹೇಳುವುದು ನಿಜವಾಗಿ ಇದ್ದ ಪದ್ಧತಿಯೇ, ಆದರೆ ಅದರ ಕಾಲ ಮುಗಿದಿದೆ, ಮಿತಿಯೂ 200 ಅಲ್ಲ. 2023-24ರಲ್ಲಿ ದರ ನಿಗದಿ ಮಾಡುವ ಕೆಇಆರ್‌ಸಿ ಮನೆಗಳಿಗೆ ಎರಡೇ ಹಂತ ಇಟ್ಟಿತ್ತು. 100 ಯೂನಿಟ್ ಒಳಗಿದ್ದರೆ 4.75, 100 ದಾಟಿದರೆ ಎಲ್ಲ ಯೂನಿಟ್‌ಗೂ 7.00. ಆಗ 100ಕ್ಕೆ 475 ರೂಪಾಯಿ, 101ಕ್ಕೆ 707 ರೂಪಾಯಿ. ಆ ಒಂದು ಯೂನಿಟ್‌ನ ಬೆಲೆ ತೆರಿಗೆ ಬಿಟ್ಟು 232 ರೂಪಾಯಿ. ಆ ವರ್ಷ ಜೂನ್ ಬಿಲ್ ನೋಡಿ ಎಲ್ಲರೂ ಗಾಬರಿಯಾದದ್ದಕ್ಕೆ ಇದೂ ಒಂದು ಕಾರಣ. ಮೇ 12ರ ಆದೇಶ ಏಪ್ರಿಲ್ 1ರಿಂದಲೇ ಜಾರಿ ಆಗಿದ್ದರಿಂದ ಹಿಂಬಾಕಿಯೂ ಅದರ ಮೇಲೆ ಬಿತ್ತು.

2024ರ ಏಪ್ರಿಲ್ 1ರಿಂದ ಮನೆಗೆ ಸ್ಲ್ಯಾಬೇ ಇಲ್ಲ. ಆ ವರ್ಷ ಎಷ್ಟೇ ಉರಿಸಿದರೂ ಯೂನಿಟ್‌ಗೆ 5.90, 2025-26ರಲ್ಲಿ 5.80. ನಂಬಿಕೆ ಇಲ್ಲದಿದ್ದರೆ ಮೇಲಿನ ಬಿಲ್ಲನ್ನೇ ಭಾಗಿಸಿ: 1136.80 ಭಾಗಿಸು 196, ಸರಿಯಾಗಿ 5.80 ಬರುತ್ತೆ. 7 ರೂಪಾಯಿ ಎಲ್ಲೂ ಇಲ್ಲ.

ಹಾಗಾದರೆ 1152 ಎಲ್ಲಿಂದ ಬಂತು? ದರ ಏರಿದ್ದರಿಂದ ಅಲ್ಲ, ಕಡಿತ ಹೋದದ್ದರಿಂದ. ಗೃಹಜ್ಯೋತಿಯಲ್ಲಿ ಮೂರು ಹಂತ ಇವೆ. ಅರ್ಹ ಯೂನಿಟ್ ಒಳಗೆ ಇದ್ದರೆ ಬಿಲ್ ಸೊನ್ನೆ. ಅದನ್ನು ದಾಟಿ 200ರ ಒಳಗೆ ಇದ್ದರೆ ದಾಟಿದಷ್ಟಕ್ಕೆ ಮಾತ್ರ ದುಡ್ಡು. 200 ದಾಟಿದರೆ ಆ ತಿಂಗಳ ಇಡೀ ಬಿಲ್ ನಿಮ್ಮದೇ. ಎರಡು ಬಿಲ್ಲಿನ ನಡುವಿನ ವ್ಯತ್ಯಾಸ 1151.98. ಅದನ್ನು ಒಡೆದರೆ 73.50 ಮಾತ್ರ ನಿಮ್ಮ 11 ಯೂನಿಟ್‌ನ ಕರೆಂಟಿನ ಬೆಲೆ. ಉಳಿದ 1078.48 ಹೋದ ತಿಂಗಳು ಕಡಿತವಾಗಿ ಸಿಕ್ಕಿದ್ದು, ಈ ತಿಂಗಳು ಸಿಗಲಿಲ್ಲ. ಪೈಸೆಗೆ ಪೈಸೆ ತಾಳೆ ಆಗುತ್ತೆ, ನೋಡಿ.

ಗಂಗಾವತಿ ಗದ್ದಿ

ನಮ್ಮದೂ ಹಂಗ ಆಗೇತ್ರಿ. ಹೋದ ತಿಂಗಳು ಸೊನ್ನೆ ಬಂದಿತ್ತು, ಈ ತಿಂಗಳು 640 ರೂಪಾಯಿ ಬಂದೈತಿ. ಯೂನಿಟ್ ನೋಡಿದ್ರ ಬರೇ 92. ಅರ್ಹ ಯೂನಿಟ್ 104 ಐತಿ. 200 ಎಲ್ಲಿ, ನಾವೆಲ್ಲಿ? ನಮಗ್ಯಾಕ ಬಂತು?

ಮೀಟರ್ ಮಿನುಗು

ಅಣ್ಣಾ, ಬಿಲ್ಲಿನಲ್ಲಿ ಎಎಸ್‌ಡಿ ಅಂತ ಒಂದು ಸಾಲು ಇದೆಯಾ ನೋಡ್ರಿ. ಭದ್ರತಾ ಠೇವಣಿ ಹೆಚ್ಚುವರಿ ಅಂತಲೂ ಇರಬಹುದು.

ಗಂಗಾವತಿ ಗದ್ದಿ

ಹೌದ್ರಿ, ಎಎಸ್‌ಡಿ ಅಂತ ಐತಿ, 640 ಅಂತನ ಐತಿ.

ಮೀಟರ್ ಮಿನುಗು

ಹಾಗಿದ್ದರೆ ಅದು ಬಳಕೆಯ ಬಿಲ್ಲೇ ಅಲ್ಲ. ವರ್ಷಕ್ಕೊಮ್ಮೆ ನಿಮ್ಮ ಸರಾಸರಿ ಬಿಲ್ ನೋಡಿ, ಎರಡು ತಿಂಗಳ ಮೊತ್ತ ಠೇವಣಿಯಲ್ಲಿ ಇರಬೇಕು ಅಂತ ಲೆಕ್ಕ ಹಾಕಿ, ಕಡಿಮೆ ಬಿದ್ದದ್ದನ್ನು ಕೇಳುತ್ತಾರೆ. ಅದು ನಿಮ್ಮ ಖಾತೆಯಲ್ಲೇ ಇರುತ್ತೆ, ಬಡ್ಡಿಯೂ ಬರುತ್ತೆ. ಒಂದು ಯೂನಿಟ್‌ಗೆ ಎಷ್ಟು ಬಿತ್ತು ಅನ್ನುವ ಲೆಕ್ಕಕ್ಕೆ ಅದನ್ನು ಸೇರಿಸಬಾರದು. ಹಳೇ ಬಾಕಿ, ತಡವಾದದ್ದಕ್ಕೆ ಬಡ್ಡಿ, ಇವನ್ನೂ ಅಷ್ಟೇ, ಪಕ್ಕಕ್ಕೆ ಇಟ್ಟುಬಿಡಿ.

ಕೋಟೆ ಕೆಳಗಿನ ಮನೆ

ಸರಿ, ಕಡಿತ ಹೋಯಿತು ಅನ್ನೋದು ಅರ್ಥ ಆಯ್ತು. ಹಾಗಾದರೆ ನನಗೆ ಒಂದು ಯೂನಿಟ್‌ನ ನಿಜವಾದ ಬೆಲೆ 1673ನ್ನು 207ರಿಂದ ಭಾಗಿಸಿದರೆ ಬರುವ 8.08 ತಾನೇ? ಅದನ್ನೇ ಇಟ್ಟುಕೊಂಡು ಕೂಲರ್ ಲೆಕ್ಕ ಹಾಕಲಾ?

ಮೀಟರ್ ಮಿನುಗು

ಬೇಡ. ಎಲ್ಲರೂ ಎಡವುವುದು ಇಲ್ಲೇ. 8.08 ಎಂಬುದು ಸರಾಸರಿ. ಅದರೊಳಗೆ 290 ರೂಪಾಯಿ ನಿಗದಿತ ಶುಲ್ಕ ಸೇರಿಕೊಂಡಿದೆ. ಕಿಲೋವ್ಯಾಟ್‌ಗೆ 145ರಂತೆ 2 ಕಿಲೋವ್ಯಾಟ್‌ಗೆ ಬರುವ ದುಡ್ಡು ಅದು. ಮನೆಗೆ ಬೀಗ ಹಾಕಿ ಊರಿಗೆ ಹೋದರೂ ಅದು ಅಷ್ಟೇ, ಹಗಲೂ ರಾತ್ರಿ ಕೂಲರ್ ಓಡಿಸಿದರೂ ಅಷ್ಟೇ. ಹೆಚ್ಚಿನ ಒಂದು ಯೂನಿಟ್ ಉರಿಸಿದರೆ ಅದು ಒಂದು ಪೈಸೆಯೂ ಏರುವುದಿಲ್ಲ. ಹೀಗಾಗಿ ಹೆಚ್ಚಿನ ಯೂನಿಟ್‌ನ ಲೆಕ್ಕದಲ್ಲಿ ಅದಕ್ಕೆ ಜಾಗ ಇಲ್ಲ.

ಯೂನಿಟ್ ಜೊತೆಗೆ ಏರುವ ಸಾಲುಗಳನ್ನು ಮಾತ್ರ ಹಿಡಿಯಿರಿ. ನಿಮ್ಮ ಬಿಲ್ಲಿನಲ್ಲಿ ಅಂಥವು ಮೂರು. ವಿದ್ಯುತ್ ಶುಲ್ಕ 5.80. ಅದರ ಮೇಲೆ ಶೇಕಡಾ 9 ತೆರಿಗೆ. ಪಿಂಚಣಿ ಮತ್ತು ಗ್ರಾಚ್ಯುಟಿ ಸರ್‌ಚಾರ್ಜ್ 2025-26ಕ್ಕೆ 36 ಪೈಸೆ, 2026-27ಕ್ಕೆ 35 ಪೈಸೆ.

```
5.80 × 1.09 + 0.36 = 6.682
```

ಆ ತಿಂಗಳ ಹೊಂದಾಣಿಕೆ ಶುಲ್ಕ ಯೂನಿಟ್‌ಗೆ ಎಷ್ಟು ಪೈಸೆ ಇದೆಯೋ ಅದನ್ನು ಇದಕ್ಕೆ ಕೂಡಿಸಿ, ಋಣ ಬಂದಿದ್ದರೆ ಕಳೆಯಿರಿ. ಎಫ್‌ಪಿಪಿಸಿಎ ಅಂತ ಬಿಲ್ಲಿನಲ್ಲಿ ಇರುತ್ತೆ. ಇಂಧನ ಮತ್ತು ಕರೆಂಟ್ ಖರೀದಿಯ ವೆಚ್ಚ ಏರುಪೇರಾದಂತೆ ಅದೂ ಏರುಪೇರಾಗುತ್ತೆ. ಅದಕ್ಕೇ ಹೋದ ವರ್ಷದ ಬಿಲ್ಲಿನಿಂದ ತೆಗೆದ ದರವನ್ನು ಈ ವರ್ಷಕ್ಕೆ ಹಚ್ಚಬಾರದು.

ಈಗ ನಿಮ್ಮ ಮೂಲ ಪ್ರಶ್ನೆ. ನಿಮಗೆ ಒಂದು ಹೆಚ್ಚಿನ ಯೂನಿಟ್‌ಗೆ ಒಂದೇ ಬೆಲೆ ಇಲ್ಲ, ನೀವು ಎಲ್ಲಿ ನಿಂತಿದ್ದೀರಿ ಅನ್ನುವುದರ ಮೇಲೆ ಬೇರೆ ಬೇರೆ ಇದೆ. 118ರ ಒಳಗಿನ ಯಾವ ಯೂನಿಟ್ ಆದರೂ ನಿಮ್ಮ ಜೇಬಿಗೆ ಸೊನ್ನೆ. 119ರಿಂದ 200ರವರೆಗೆ ಒಂದೊಂದಕ್ಕೂ 6.68. 202ರಿಂದ ಮೇಲೆ ಮತ್ತೆ 6.68. ನಡುವೆ 201 ಒಂದೇ ಒಂದು ಯೂನಿಟ್ ಇದೆಯಲ್ಲ, ಅದಕ್ಕೆ ಮಾತ್ರ 1085 ರೂಪಾಯಿ.

ಲೆಕ್ಕ ಹೀಗೆ. 200ಕ್ಕೆ ನಿಂತಿದ್ದರೆ 82 ಯೂನಿಟ್‌ಗೆ 547.92 ಕಟ್ಟುತ್ತಿದ್ದಿರಿ. 201 ಆದರೆ ಪೂರ್ತಿ ಬಿಲ್ 1633.08. ವ್ಯತ್ಯಾಸ 1085.16. ಅದರಲ್ಲಿ ಆ ಯೂನಿಟ್‌ನ ಸ್ವಂತ ಬೆಲೆ 6.68, ನಿಗದಿತ ಶುಲ್ಕ 290, ಪುಕ್ಕಟೆ ಇದ್ದ 118 ಯೂನಿಟ್‌ನ ಬೆಲೆ 788.48.

ತುಂಗಭದ್ರಾ ದಂಡೆ (ಕೊಪ್ಪಳ)

290 ರೂಪಾಯಿಯೂ ಕಡಿತದಲ್ಲಿ ಇತ್ತು ಅಂತ ಹೇಗೆ ಗೊತ್ತಾಯ್ತು ಸರ್? ಬಿಲ್ಲಿನಲ್ಲಿ ಕಡಿತ ಅಂತ ಒಂದೇ ಮೊತ್ತ ಇರುತ್ತೆ, ಒಡೆದು ತೋರಿಸಲ್ಲ.

ಮೀಟರ್ ಮಿನುಗು

ಒಳ್ಳೆ ಪ್ರಶ್ನೆ ಮೇಡಂ. ಕಡಿತದ 1078.48ರಿಂದ 290 ಕಳೆಯಿರಿ, 788.48 ಉಳಿಯುತ್ತೆ. ಅದನ್ನು ಅರ್ಹ ಯೂನಿಟ್ 118ರಿಂದ ಭಾಗಿಸಿ. 6.682 ಬಂತು, ಅಂದರೆ ಮೇಲಿನ ದರಕ್ಕೆ ಸರಿಹೊಂದಿತು. ಈ ಬಿಲ್ಲಿನಲ್ಲಿ ನಿಗದಿತ ಶುಲ್ಕವೂ ಕಡಿತದೊಳಗೇ ಇದೆ ಅನ್ನುವುದಕ್ಕೆ ಅದೇ ಸಾಕ್ಷಿ. 290 ಕಳೆಯದೆ ಭಾಗಿಸಿದರೆ 9.14 ಬರುತ್ತೆ, ಅಂಥ ದರ ಬಿಲ್ಲಿನಲ್ಲೇ ಇಲ್ಲ. ನಿಮ್ಮ ಬಿಲ್ಲಿಗೂ ಎರಡೂ ರೀತಿ ಭಾಗಿಸಿ ನೋಡಿ, ಯಾವುದು ಹೊಂದುತ್ತೋ ಅದು ಸರಿ. ಬೇರೆಯವರ ಬಿಲ್ ನೋಡಿ ತೀರ್ಮಾನ ಮಾಡಬೇಡಿ.

ತುಂಗಭದ್ರಾ ದಂಡೆ

ಮಾಡಿ ನೋಡಿದೆ, 290 ಕಳೆದ ಮೇಲೇ ಹೊಂದಿತು. ನಮ್ಮದು ಹೊಸ ಮನೆ, ಅರ್ಹ ಯೂನಿಟ್ 58 ಕೊಟ್ಟಿದ್ದಾರೆ. ಹಾಗಾದರೆ ನಮಗೆ 201ನೇ ಯೂನಿಟ್ 58 × 6.682 ಅಂದರೆ 387.56, ಅದಕ್ಕೆ 290, ಅದಕ್ಕೆ 6.68. ಒಟ್ಟು 684. ಸರಿನಾ?

ಮೀಟರ್ ಮಿನುಗು

ಪೂರ್ತಿ ಸರಿ. 2022-23ರ ಬಳಕೆಯ ದಾಖಲೆ ಇಲ್ಲದ ಮನೆಗೆ 53 ಯೂನಿಟ್ ಸರಾಸರಿ ಇಟ್ಟು ಶೇಕಡಾ 10 ಸೇರಿಸಿ 58 ಮಾಡಿದ್ದಾರೆ. ಕೋಟೆಯವರಿಗೆ 107 ಸರಾಸರಿ ಇದ್ದಿರಬೇಕು, ಅದಕ್ಕೆ ಶೇಕಡಾ 10 ಸೇರಿ 118. ಅರ್ಹ ಯೂನಿಟ್ ಜಾಸ್ತಿ ಇದ್ದಷ್ಟೂ 200ರ ಗೆರೆಯಲ್ಲಿ ಬೀಳುವ ಪೆಟ್ಟೂ ಜಾಸ್ತಿ. 180 ಅರ್ಹ ಇದ್ದ ಮನೆ 2 ಕಿಲೋವ್ಯಾಟ್ ಲೋಡಿನಲ್ಲಿ 201 ಮುಟ್ಟಿದರೆ ಒಂದೇ ಯೂನಿಟ್‌ಗೆ ಸುಮಾರು 1500 ರೂಪಾಯಿ.

ರಾಯಚೂರು ಶೆಕೆ

7 ರೂಪಾಯಿ ಹಳೇದು ಅಂತ ಒಪ್ಪಿದೆ. ಆದರೆ ತೆರಿಗೆ ಲೆಕ್ಕ ನನ್ನ ಬಿಲ್ಲಿಗೆ ಹೊಂದುತ್ತಿಲ್ಲ. 160 ಯೂನಿಟ್, ವಿದ್ಯುತ್ ಶುಲ್ಕ 928. ಶೇಕಡಾ 9 ಅಂದರೆ 83.52 ಬರಬೇಕು. ಬಿಲ್ಲಿನಲ್ಲಿ ಅದಕ್ಕಿಂತ ಎರಡೂವರೆ ರೂಪಾಯಿ ಹೆಚ್ಚು ಇದೆ. ಹೊಂದಾಣಿಕೆ ಶುಲ್ಕವನ್ನೂ ಸೇರಿಸಿ ಶೇಕಡಾ 9 ಮಾಡಿದರೆ ತಾಳೆ ಆಗುತ್ತೆ.

ಮೀಟರ್ ಮಿನುಗು

ಹಾಗಿದ್ದರೆ ನಿಮ್ಮ ಬಿಲ್ಲಿನಲ್ಲಿ ತೆರಿಗೆ ಅದರ ಮೇಲೂ ಬಿದ್ದಿದೆ. ಇದನ್ನು ಕಂಡುಹಿಡಿಯುವ ದಾರಿ ಸುಲಭ: ತೆರಿಗೆಯ ಮೊತ್ತವನ್ನು 0.09ರಿಂದ ಭಾಗಿಸಿ. ಬಂದ ಸಂಖ್ಯೆ ವಿದ್ಯುತ್ ಶುಲ್ಕಕ್ಕೆ ಸಮ ಇದ್ದರೆ ತೆರಿಗೆ ಅಷ್ಟಕ್ಕೇ. ಹೆಚ್ಚಿದ್ದರೆ ಆ ಹೆಚ್ಚು ಯಾವ ಸಾಲಿಗೆ ಸಮ ಅಂತ ನೋಡಿ. ಕೋಟೆಯವರ ಬಿಲ್ಲಿನಲ್ಲಿ 102.31ನ್ನು ಭಾಗಿಸಿದರೆ 1136.78, ಅಂದರೆ ಬರೀ ವಿದ್ಯುತ್ ಶುಲ್ಕ. ಪಿಂಚಣಿ ಸರ್‌ಚಾರ್ಜ್ ಸೇರಿದ್ದರೆ ತೆರಿಗೆ 108.66 ಆಗಬೇಕಿತ್ತು.

ಅವರು ಹೊಂದಾಣಿಕೆ ಶುಲ್ಕದ ಸಾಲು ತೆಗೆದು ಬರೆದಿದ್ದಾರೆ ಅನ್ನುವುದನ್ನೂ ನೆನಪಿಡಬೇಕು. ಅದರ ಮೇಲಿನ ತೆರಿಗೆಯನ್ನೂ ತೆಗೆದಿದ್ದಾರಾ ಕೋಟೆಯವರೇ?

ಕೋಟೆ ಕೆಳಗಿನ ಮನೆ

ಬಿಲ್ ಥರ್ಮಲ್ ಕಾಗದದ್ದು, ಆ ಭಾಗ ಮಸುಕಾಗಿದೆ. ತೆರಿಗೆಯ ಮೊತ್ತ ಓದಲು ಬರಲ್ಲ, 102.31 ನಾನೇ ಶೇಕಡಾ 9 ಹಾಕಿ ಬರೆದದ್ದು. ಕ್ಷಮಿಸಿ, ಮೊದಲೇ ಹೇಳಬೇಕಿತ್ತು.

ಮೀಟರ್ ಮಿನುಗು

ಹಾಗಾದರೆ ತೆರಿಗೆಯ ವಿಷಯಕ್ಕೆ ನಿಮ್ಮ ಬಿಲ್ಲನ್ನು ಸಾಕ್ಷಿ ಮಾಡಲು ಬರುವುದಿಲ್ಲ. ನಾನು ಮೇಲೆ ಬರೆದದ್ದನ್ನು ಅಷ್ಟರ ಮಟ್ಟಿಗೆ ಹಿಂದೆಗೆದುಕೊಳ್ಳುತ್ತೇನೆ. ವ್ಯತ್ಯಾಸ ಯೂನಿಟ್‌ಗೆ ಎರಡು ಮೂರು ಪೈಸೆ ಮಾತ್ರ, 6.68 ಹೋಗಿ 6.71 ಆಗಬಹುದು. 201ರ ಲೆಕ್ಕದಲ್ಲಿ ನಾಲ್ಕು ರೂಪಾಯಿ ಆಚೀಚೆ. ಬಿಲ್ ಕೈಗೆ ಬಂದ ದಿನವೇ ಫೋಟೋ ತೆಗೆದಿಡಿ, ಆ ಕಾಗದ ಬಿಸಿಲಿಗೆ ಒಂದೆರಡು ತಿಂಗಳಲ್ಲಿ ಬೆಳ್ಳಗಾಗಿಬಿಡುತ್ತೆ.

ಗಡಿ ಊರು

ನಮ್ಮ ತಂಗಿಯ ಮನೆ ಆದೋನಿಯಲ್ಲಿ. ಅವರಿಗೆ ಬಂದದ್ದು 230 ಯೂನಿಟ್, ಅವರ ಬಿಲ್ ನಮ್ಮದಕ್ಕಿಂತ ಎಷ್ಟೋ ಕಡಿಮೆ. ಆಂಧ್ರದಲ್ಲಿ ಯೂನಿಟ್ ನಾಲ್ಕೂವರೆ ರೂಪಾಯಿ ಅಂತ ಹೇಳುತ್ತಾಳೆ. ಹಾಗಾದರೆ ಅವರು ಎಸಿ ಓಡಿಸಿದರೂ ನಮಗಿಂತ ಅಗ್ಗ ಅಂತಾಯ್ತಲ್ಲ?

ಮೀಟರ್ ಮಿನುಗು

ಇಲ್ಲ, ಅದೇ ಸರಾಸರಿಯ ಮೋಸ. ಸ್ಲ್ಯಾಬ್ ಅಂದರೆ ಏನು ಅಂತ ನೋಡಲು ನಿಮ್ಮ ತಂಗಿಯವರ ಬಿಲ್ಲೇ ಒಳ್ಳೆಯ ಉದಾಹರಣೆ, ಅಲ್ಲಿ ನಿಜವಾದ ಮೆಟ್ಟಿಲು ಇದೆ. 2022ರ ಆಗಸ್ಟ್‌ನಿಂದ ಅಲ್ಲಿ ಬಂದ ದರದಲ್ಲಿ ಮೊದಲ 30 ಯೂನಿಟ್ 1.90, 75ರವರೆಗೆ 3.00, 125ರವರೆಗೆ 4.50, 225ರವರೆಗೆ 6.00, ಅದರ ಮೇಲೆ 400ರವರೆಗೆ 8.75. ಮೇಲಿನ ಮೆಟ್ಟಿಲು ಹತ್ತಿದರೂ ಕೆಳಗಿನ ಯೂನಿಟ್‌ಗಳು ಕೆಳಗಿನ ದರದಲ್ಲೇ ಉಳಿಯುತ್ತವೆ.

230ಕ್ಕೆ ಕೂಡಿಸಿ: 57, 135, 225, 600, ಕೊನೆಯ 5 ಯೂನಿಟ್‌ಗೆ 43.75. ಒಟ್ಟು 1060.75, ಸರಾಸರಿ 4.61. ಅವರು ಹೇಳುವ ನಾಲ್ಕೂವರೆ ಇದೇ. ಆದರೆ ಇವತ್ತು ರಾತ್ರಿ ಎಸಿ ಹಾಕಿದರೆ ಆ ಹೊಸ ಯೂನಿಟ್ 1.90ರ ಮೆಟ್ಟಿಲಿಗೆ ಹೋಗಿ ಕೂರುವುದಿಲ್ಲ, ತುದಿಗೆ ಕೂರುತ್ತೆ. ಅದರ ಬೆಲೆ 8.75, ಮೇಲೆ ಇತರ ಶುಲ್ಕ ಬೇರೆ. ಅಲ್ಲಿ ಸರಾಸರಿಗಿಂತ ಹೆಚ್ಚಿನ ಯೂನಿಟ್ ದುಬಾರಿ. ಕೋಟೆಯವರ ಮನೆಯಲ್ಲಿ ತಿರುಗುಮುರುಗು: ಸರಾಸರಿ 8.08, ಹೆಚ್ಚಿನ ಯೂನಿಟ್ 6.68. ಇಬ್ಬರೂ ಸರಾಸರಿ ನೋಡಿಕೊಂಡರೆ ಅವರು ಎಸಿ ಓಡಿಸಲು ಧೈರ್ಯ ಮಾಡುತ್ತಾರೆ, ಇವರು ಕೂಲರ್‌ಗೂ ಹೆದರುತ್ತಾರೆ.

ಸಿಂಧನೂರು ಎಸಿ

ನಮ್ಮದು 5 ಕಿಲೋವ್ಯಾಟ್ ಲೋಡ್, ಬೇಸಿಗೆಯಲ್ಲಿ 420 ಯೂನಿಟ್ ಬರುತ್ತೆ. ಗೃಹಜ್ಯೋತಿ ಲೆಕ್ಕ ನಮಗೆ ಬರಲ್ಲ. 201ರ ಪೆಟ್ಟು ತಪ್ಪಿಸಲು ನಾವೇನು ಮಾಡಬೇಕು?

ಮೀಟರ್ ಮಿನುಗು

ನಿಮಗೆ ಆ ಗೆರೆ ತುಂಬಾ ಹಿಂದೆ ಉಳಿಯಿತು. 420ರಿಂದ 370ಕ್ಕೆ ಇಳಿಸಿದರೂ 200ರ ಮೇಲೇ ಇರುತ್ತೀರಿ. ಉಳಿಯುವುದು 50 × 6.68, ಅಂದರೆ 334 ರೂಪಾಯಿ. ನಿಮ್ಮ ಒಟ್ಟು ಬಿಲ್ 725 ನಿಗದಿತ ಶುಲ್ಕ ಸೇರಿ 3531, ಸರಾಸರಿ 8.41. ಆ ದರ ಹಿಡಿದು 420 ರೂಪಾಯಿ ಉಳಿಯುತ್ತೆ ಅಂತ ಯಾರಾದರೂ ಸಾಮಾನು ಮಾರಲು ಬಂದರೆ ಅದು ತಪ್ಪು ಲೆಕ್ಕ.

ಗಂಗಾವತಿ ಗದ್ದಿ

ನಮ್ಮಂಥವರಿಗೆ ಒಂದು ಹೇಳ್ರಿ. ಅಂಗಡ್ಯಾಗ ಬಿಎಲ್‌ಡಿಸಿ ಫ್ಯಾನ್ ತಗೋರಿ, ಕರೆಂಟ್ ಉಳಿತೈತಿ ಅಂತಾರ. ಮೂರು ಸಾವಿರ ರೂಪಾಯಿ ಕೊಟ್ರ ವಾಪಸ್ ಬರ್ತೈತೇನು?

ಮೀಟರ್ ಮಿನುಗು

ಮನೆ ನೋಡಿ ಹೇಳಬೇಕು ಅಣ್ಣಾ. ಹಳೇ ಫ್ಯಾನ್ 75 ವ್ಯಾಟ್, ಹೊಸದು 30 ವ್ಯಾಟ್ ಸುಮಾರು. ದಿನಕ್ಕೆ 14 ತಾಸು ತಿರುಗಿದರೆ ತಿಂಗಳಿಗೆ 19 ಯೂನಿಟ್ ಉಳಿಯುತ್ತೆ. ಯೂನಿಟ್ ಉಳಿಯುವುದು ಎಲ್ಲರಿಗೂ ಒಂದೇ, ದುಡ್ಡು ಉಳಿಯುವುದು ಒಂದೇ ಅಲ್ಲ. ನೀವು 104ರ ಒಳಗೆ 92ರಲ್ಲಿ ಇದ್ದೀರಿ. ನಿಮಗೆ ಉಳಿಯುವ ರೂಪಾಯಿ ಸೊನ್ನೆ. ಸಿಂಧನೂರಿನವರಿಗೆ ತಿಂಗಳಿಗೆ 127. ಕೋಟೆಯವರಿಗೆ ಆ ಒಂದು ಫ್ಯಾನ್ 207ನ್ನು 188ಕ್ಕೆ ಇಳಿಸುತ್ತಿತ್ತು, ಆ ತಿಂಗಳು 1205 ರೂಪಾಯಿ ಉಳಿಯುತ್ತಿತ್ತು. 1673 ಹೋಗಿ 468 ಆಗುತ್ತಿತ್ತು.

ತುಂಗಭದ್ರಾ ದಂಡೆ

ಕೋಟೆಯವರ ಬಿಲ್ಲಿನಲ್ಲಿ ಯಾರೂ ನೋಡದ ಒಂದು ವಿಷಯ ಇದೆ. ಮೊದಲ ಬಿಲ್ 30 ದಿನಕ್ಕೆ, ಎರಡನೆಯದು 33 ದಿನಕ್ಕೆ. 196ನ್ನು 30ರಿಂದ ಭಾಗಿಸಿದರೆ ದಿನಕ್ಕೆ 6.53. 207ನ್ನು 33ರಿಂದ ಭಾಗಿಸಿದರೆ 6.27. ಅವರ ಬಳಕೆ ಏರಿಲ್ಲ, ಇಳಿದಿದೆ! ದಿನದ ಬಳಕೆ ಇಳಿದ ತಿಂಗಳಲ್ಲೇ ಬಿಲ್ ಮೂರು ಪಟ್ಟು ಬಂದಿದೆ.

ಕೋಟೆ ಕೆಳಗಿನ ಮನೆ

ಅಯ್ಯೋ, ಹೌದಲ್ಲ ಅಕ್ಕ. ರೀಡಿಂಗ್‌ಗೆ ಜೂನ್ 3ಕ್ಕೆ ಬರಬೇಕಾದವರು 5ಕ್ಕೆ ಬಂದರು.

ತುಂಗಭದ್ರಾ ದಂಡೆ

3ಕ್ಕೆ ಬಂದಿದ್ದರೆ 31 ದಿನ, ಇದೇ ಬಳಕೆಯಲ್ಲಿ ಸುಮಾರು 194 ಯೂನಿಟ್. 200ರ ಒಳಗೆ. 508 ರೂಪಾಯಿ ಆಗುತ್ತಿತ್ತು. ಎರಡು ದಿನ ತಡಕ್ಕೆ ಸಾವಿರದ ನೂರಕ್ಕೂ ಹೆಚ್ಚು. ಇದು ನ್ಯಾಯ ಅಲ್ಲ.

ರಾಯಚೂರು ಶೆಕೆ

ದಿನ ಜಾಸ್ತಿ ಆದರೆ ಮಿತಿಯೂ ಅದಕ್ಕೆ ತಕ್ಕಂತೆ ಏರುತ್ತೆ ತಾನೇ? 33 ದಿನಕ್ಕೆ 220 ಅಂತ ಲೆಕ್ಕ ಹಾಕಬೇಕು.

ಮೀಟರ್ ಮಿನುಗು

ಹಾಗೆ ಹಾಕಬೇಕು ಅನ್ನುವುದು ನನಗೂ ನ್ಯಾಯ ಅನ್ನಿಸುತ್ತೆ. ಆದರೆ ಈ ಬಿಲ್ಲಿನಲ್ಲಿ ಹಾಗೆ ಹಾಕಿಲ್ಲ ಅನ್ನುವುದು ಕಣ್ಣ ಮುಂದೆ ಇದೆ, ಹಾಕಿದ್ದರೆ 207ಕ್ಕೆ ಕಡಿತ ಸಿಗಬೇಕಿತ್ತು. ಕೋಟೆಯವರೇ, ಕೇಳುವ ಹಕ್ಕು ನಿಮಗೆ ಇದೆ. ಎರಡೂ ಬಿಲ್ಲಿನ ಪ್ರತಿ, ಆರ್‌ಆರ್ ನಂಬರ್, ಎರಡು ರೀಡಿಂಗ್ ದಿನಾಂಕ, ದಿನದ ಸರಾಸರಿ, ಇಷ್ಟನ್ನು ಬರೆದು ಉಪವಿಭಾಗದ ಕಚೇರಿಗೆ ಲಿಖಿತ ಅರ್ಜಿ ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. 1912ಕ್ಕೂ ದೂರು ಬರೆಸಿ ನಂಬರ್ ಇಟ್ಟುಕೊಳ್ಳಿ. ಬರೀ ಬಾಯಿಮಾತಿನಲ್ಲಿ "ಬಿಲ್ ಜಾಸ್ತಿ ಬಂದಿದೆ" ಅಂದರೆ ಮೀಟರ್ ಸರಿ ಇದೆ ಅಂತ ಹೇಳಿ ಕಳಿಸುತ್ತಾರೆ. ಮೀಟರ್ ಸರಿಯೇ ಇದೆ. ನಿಮ್ಮ ತಕರಾರು ದಿನದ್ದು.

ಗಂಗಾವತಿ ಗದ್ದಿ

ನಮ್ಮ ಹಳ್ಳಿಗೆ ಬರೋ ವಿದ್ಯುತ್ ಪ್ರತಿನಿಧಿ ನಮ್ಮವನ. ಅವನಿಗೆ ಒಂದು ದಿನ ಮೊದಲ ಬಾರಪ್ಪಾ ಅಂದ್ರ ಆತಲ್ರಿ?

ತುಂಗಭದ್ರಾ ದಂಡೆ

ಅಣ್ಣಾ, ಮೊದಲು ಬಂದರೆ ಈ ತಿಂಗಳ ಯೂನಿಟ್ ಮುಂದಿನ ತಿಂಗಳಿಗೆ ಹೋಗುತ್ತೆ ಅಷ್ಟೇ, ಮಾಯ ಆಗಲ್ಲ. ಮುಂದಿನ ತಿಂಗಳು ಅಲ್ಲಿ 200 ದಾಟಿದರೆ ಅದೇ ಕಥೆ. ಪ್ರತಿ ತಿಂಗಳು ಅದೇ ದಿನ ಬಂದರೆ ಸಾಕು.

ಕೋಟೆ ಕೆಳಗಿನ ಮನೆ

ಅರ್ಜಿ ಕೊಡುತ್ತೇನೆ. ಮುಂದಿನ ತಿಂಗಳು ಹೀಗಾಗದಂತೆ ಮನೆಯಲ್ಲೇ ನೋಡಿಕೊಳ್ಳುವುದು ಹೇಗೆ?

ಮೀಟರ್ ಮಿನುಗು

ರೀಡಿಂಗ್ ಆದ ದಿನದ ಸಂಖ್ಯೆಗೆ 200 ಕೂಡಿಸಿ ಕ್ಯಾಲೆಂಡರ್ ಮೇಲೆ ಬರೆಯಿರಿ. ನಿಮಗೆ 14615 ಇತ್ತು, ಮುಂದಿನ ಗೆರೆ 14815. ಮೀಟರ್ ಪರದೆಯಲ್ಲಿ ಸಂಖ್ಯೆಗಳು ಒಂದಾದ ಮೇಲೆ ಒಂದು ಬರುತ್ತವೆ, ಪಕ್ಕದಲ್ಲಿ kWh ಅಂತ ಇರುವುದನ್ನೇ ಓದಬೇಕು. ವೋಲ್ಟೇಜ್, ಗರಿಷ್ಠ ಬೇಡಿಕೆಯ ಸಂಖ್ಯೆಗಳನ್ನು ಓದಿ ಗೊಂದಲ ಮಾಡಿಕೊಳ್ಳುವವರೇ ಹೆಚ್ಚು. 20ನೇ ದಿನಕ್ಕೊಮ್ಮೆ ನೋಡಿ. ತಡವಾಗಿ ಬರಬಹುದು ಅಂತ 33 ದಿನ ಇಟ್ಟುಕೊಂಡರೆ ದಿನಕ್ಕೆ 6.06 ಯೂನಿಟ್, 20 ದಿನಕ್ಕೆ 121. ಅಂದರೆ ಆ ದಿನ ಪರದೆಯಲ್ಲಿ 14736ಕ್ಕಿಂತ ಕಡಿಮೆ ಇರಬೇಕು. ಹೆಚ್ಚಿದ್ದರೆ ಉಳಿದ ದಿನಗಳಲ್ಲಿ ಎಲ್ಲಿ ಕಡಿಮೆ ಮಾಡಬೇಕು ಅಂತ ನೋಡಿ.

ಯಾವುದು ಎಷ್ಟು ತಿನ್ನುತ್ತೆ ಅಂತ ಮೀಟರೇ ಹೇಳುತ್ತೆ. ಮುಖದ ಮೇಲೆ 3200 imp/kWh ಅಂತ ಬರೆದಿರುತ್ತೆ, ಕೆಲವದರಲ್ಲಿ 1600. ಕೆಂಪು ದೀಪ ಅಷ್ಟು ಸಲ ಮಿನುಗಿದರೆ ಒಂದು ಯೂನಿಟ್. ಫ್ರಿಜ್ ಸೇರಿ ಎಲ್ಲ ಆರಿಸಿ, ಕೂಲರ್ ಒಂದನ್ನೇ ಹಾಕಿ, ಒಂದು ನಿಮಿಷ ಎಣಿಸಿ.

ಕೋಟೆ ಕೆಳಗಿನ ಮನೆ

ಈಗಲೇ ಎಣಿಸಿ ಬಂದೆ. 3200ರ ಮೀಟರ್. ಪಂಪ್ ಸಮೇತ ಕೂಲರ್‌ಗೆ ನಿಮಿಷಕ್ಕೆ 10 ಸಲ ಮಿನುಗಿತು.

ಮೀಟರ್ ಮಿನುಗು

```
10 × 60 ÷ 3200 = 0.1875 ಯೂನಿಟ್ (ಒಂದು ಗಂಟೆಗೆ)
```

ರಾತ್ರಿ ಇನ್ನೊಂದು ಗಂಟೆ ಓಡಿಸಿದರೆ 6.68ರ ಲೆಕ್ಕದಲ್ಲಿ 1 ರೂಪಾಯಿ 25 ಪೈಸೆ. ಮೊದಲ ಪ್ರಶ್ನೆಗೆ ಉತ್ತರ ಅದು. ತಿಂಗಳೆಲ್ಲಾ ಓಡಿಸಿದರೆ ಸುಮಾರು 6 ಯೂನಿಟ್, 38 ರೂಪಾಯಿ. ನಿಮ್ಮ 7 ಯೂನಿಟ್ ಮೀರಿದ್ದರಲ್ಲಿ ಬಹುಪಾಲು ಕೂಲರ್‌ನ ಒಂದು ಗಂಟೆಯದೇ ಇರಬಹುದು, ಆದರೆ ಅದನ್ನೇ ಆರಿಸಬೇಕು ಅಂತಿಲ್ಲ. ನಮ್ಮ ಮೇ ತಿಂಗಳ ಶೆಕೆಯಲ್ಲಿ ಮಕ್ಕಳ ನಿದ್ದೆ ಕೆಡಿಸಬೇಡಿ. ನೀರೆತ್ತುವ 1 ಎಚ್‌ಪಿ ಮೋಟರ್ ಗಂಟೆಗೆ ಹತ್ತಿರ ಹತ್ತಿರ ಒಂದು ಯೂನಿಟ್ ತಿನ್ನುತ್ತೆ. ಮೇಲಿನ ಟ್ಯಾಂಕ್ ತುಂಬಿ ಹರಿಯುವವರೆಗೆ ಬಿಡುತ್ತೀರಾ ಅಂತ ಮೊದಲು ನೋಡಿ.

ಇನ್ನೊಂದು ಮಾತು. 25ನೇ ದಿನಕ್ಕೇ 195 ಆಗಿದ್ದರೆ, ಹೇಗೂ ದಾಟುತ್ತೆ ಅಂತ ಖಚಿತ ಆದರೆ, ಉಳಿದ ದಿನ ಕತ್ತಲಲ್ಲಿ ಕೂರಬೇಡಿ. ದಾಟಿದ ಮೇಲೆ ಮತ್ತೆ ಒಂದೊಂದು 6.68 ಮಾತ್ರ. ಇಸ್ತ್ರಿ, ಕಂಬಳಿ ತೊಳೆಯುವುದು, ಟ್ಯಾಂಕ್ ತುಂಬಿಸುವುದು, ಮುಂದಕ್ಕೆ ಹಾಕಬಹುದಾದ ಕೆಲಸಗಳನ್ನೆಲ್ಲ ರೀಡಿಂಗ್‌ಗೆ ಮುಂಚೆ ಮುಗಿಸಿಕೊಂಡರೆ ಮುಂದಿನ ತಿಂಗಳು 200ರ ಒಳಗೆ ಉಳಿಯಲು ಅನುಕೂಲ. ಒಂದು ತಿಂಗಳು ದಾಟಿದರೆ ಆ ತಿಂಗಳಿಗೆ ಮಾತ್ರ ಕಡಿತ ಹೋಗುತ್ತೆ, ಮುಂದಿನ ತಿಂಗಳು ಒಳಗಿದ್ದರೆ ಮತ್ತೆ ಬರುತ್ತೆ.

ಸಿಂಧನೂರು ಎಸಿ

ಲೋಡ್ 5ರಿಂದ 3 ಕಿಲೋವ್ಯಾಟ್‌ಗೆ ಇಳಿಸಿದರೆ ನನಗೆ ತಿಂಗಳಿಗೆ 290 ಉಳಿಯುತ್ತೆ ಅಲ್ವಾ?

ಮೀಟರ್ ಮಿನುಗು

ನಿಗದಿತ ಶುಲ್ಕದಲ್ಲಿ ಹೌದು. ಆದರೆ ಮೊದಲು ಬೇಸಿಗೆಯ ಬಿಲ್ಲುಗಳಲ್ಲಿ ಗರಿಷ್ಠ ಬೇಡಿಕೆ ಎಷ್ಟು ದಾಖಲಾಗಿದೆ ನೋಡಿ. ಎಸಿ, ಗೀಸರ್, ಮೋಟರ್ ಒಟ್ಟಿಗೆ ಹಾಕಿದ ದಿನ ಅದು 3 ದಾಟಿದ್ದರೆ ಇಳಿಸುವುದು ಬೇಡ. ಆ ಸಂಖ್ಯೆ ಹಾಕಿ, ನೋಡೋಣ.

ಕೋಟೆ ಕೆಳಗಿನ ಮನೆ

ಅರ್ಜಿ ಬರೆದೆ. 30 ದಿನಕ್ಕೆ 196, 33 ದಿನಕ್ಕೆ 207, ದಿನದ ಬಳಕೆ 6.53ರಿಂದ 6.27ಕ್ಕೆ ಇಳಿದಿದೆ ಅಂತ ಮೊದಲ ಸಾಲಿನಲ್ಲೇ ಹಾಕಿದ್ದೇನೆ. ಸೋಮವಾರ ಕೊಟ್ಟು ಸ್ವೀಕೃತಿ ತರುತ್ತೇನೆ, ಏನಂತಾರೆ ಅಂತ ಇಲ್ಲೇ ಬರೆಯುತ್ತೇನೆ. ಬೇರೆ ಯಾರಿಗಾದರೂ ದಿನದ ಲೆಕ್ಕದ ಮೇಲೆ ಬಿಲ್ ತಿದ್ದಿಕೊಟ್ಟಿದ್ದರೆ ದಯವಿಟ್ಟು ತಿಳಿಸಿ.